ಅಡಿಕೆ ತೋಟದ ರೋಬೋಟ್ ಗಾಡಿಗೆ ನಮ್ಮದೇ ಸರ್ಕ್ಯೂಟ್ ಬೋರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ತೋಟದೊಳಗೆ ಗೊನೆ, ಗೊಬ್ಬರ, ಔಷಧಿ ಡ್ರಮ್ಮು ಸಾಗಿಸುವ ಸಣ್ಣ ರೋಬೋಟ್ ಗಾಡಿ ಕಟ್ಟಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಒಂದೇ ಉದಾಹರಣೆಯ ಬೋರ್ಡಿನ ಮೇಲೆ ನಿಂತಿವೆ: 12 ವೋಲ್ಟಿನ ಎರಡು ಡಿಸಿ ಮೋಟಾರು, ನಾಲ್ಕು ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ತಲೆಗೆ ಇಎಸ್‌ಪಿ32 ಮಾಡ್ಯೂಲ್. ಹೆಚ್ಚಿನ ಮಾತು ಕರೆಂಟು ಹರಿಯುವ ದಾರಿಯ ಬಗ್ಗೆಯೇ ಇದೆ. ಇಂಥ ಬೋರ್ಡುಗಳು ಕೆಡುವುದು ಬಹುಪಾಲು ಅಲ್ಲೇ.

ರೆಡಿ ಮಾಡ್ಯೂಲ್‌ಗಳಿಗೆ ಜಂಪರ್ ವೈರ್ ಹಾಕಿ ಓಡಿಸ್ತಾ ಇದ್ದೀನಿ. ಬೋರ್ಡ್ ಯಾಕೆ ಬೇಕು?

ಮೇಜಿನ ಮೇಲೆ ಬೇಕಿಲ್ಲ. ತೋಟದಲ್ಲಿ ಕಲ್ಲು, ಬೇರು, ಕಾಲುವೆ ದಾಟುವಾಗ ಗಾಡಿ ಅದುರಿ ಜಂಪರ್ ಪಿನ್ನು ಸಡಿಲವಾಗುತ್ತದೆ. ಅದರಲ್ಲೂ ಗ್ರೌಂಡ್ ವೈರೇ ಕಳಚಿದರೆ ಮೋಟಾರಿನ ಕರೆಂಟು ಸಿಗ್ನಲ್ ವೈರುಗಳ ಮೂಲಕ ವಾಪಸಾಗಲು ನೋಡಿ ಕಂಟ್ರೋಲರನ್ನೇ ಸುಡಬಹುದು. ಪ್ರೋಗ್ರಾಮ್ ಇನ್ನೂ ದಿನಕ್ಕೊಂದು ರೂಪ ತಾಳುತ್ತಿದ್ದರೆ ಮಾತ್ರ ಮಾಡ್ಯೂಲ್‌ಗಳಲ್ಲೇ ಮುಂದುವರಿಯಿರಿ. ಯಾವ ಪಿನ್ನಿಗೆ ಏನು ಎಂಬುದು ಗಟ್ಟಿಯಾದ ಮೇಲೆ ಬೋರ್ಡಿಗೆ ಕೈ ಹಾಕಿ.

ಸ್ಕೀಮ್ಯಾಟಿಕ್ ಎಲ್ಲಿಂದ ಶುರು ಮಾಡಲಿ? ಎಲ್ಲರೂ ಇಎಸ್‌ಪಿ32ರಿಂದ ಶುರು ಮಾಡ್ತಾರೆ.

ಮೋಟಾರಿನಿಂದ ಶುರು ಮಾಡಿ. ಚಕ್ರ ಕಲ್ಲಿಗೆ ಸಿಕ್ಕಿ ಮೋಟಾರು ತಿರುಗದೆ ನಿಂತಾಗ ಅದು ಎಷ್ಟು ಕರೆಂಟು ಎಳೆಯುತ್ತದೆ ಎಂಬ ಒಂದು ಸಂಖ್ಯೆ ಗೊತ್ತಾಗದೆ ಡ್ರೈವರ್, ಫ್ಯೂಸು, ಟ್ರ್ಯಾಕಿನ ಅಗಲ ಯಾವುದನ್ನೂ ಆರಿಸಲಾಗದು.

ಅಳೆಯುವುದು ಸುಲಭ. ಮೋಟಾರಿನ ಶಾಫ್ಟನ್ನು ವೈಸಿಗೆ ಬಿಗಿದು, ಬೆಂಚ್ ಸಪ್ಲೈಯಿಂದ 1 ವೋಲ್ಟ್ ಮಾತ್ರ ಕೊಟ್ಟು ಕರೆಂಟು ಓದಿ. ನಮ್ಮ ಉದಾಹರಣೆಯಲ್ಲಿ 1.4 ಆಂಪ್ ಬಂತು ಎನ್ನಿ. ಅಂದರೆ ಸುರುಳಿಯ ರೋಧ ಸುಮಾರು 0.71 ಓಮ್. ಬ್ಯಾಟರಿ 12.8 ವೋಲ್ಟ್ ಇದ್ದಾಗ ನಿಂತ ಮೋಟಾರು 18 ಆಂಪ್ ಎಳೆಯುತ್ತದೆ. ಪೂರ್ತಿ ಚಾರ್ಜಾಗಿ 14.6 ವೋಲ್ಟ್ ಇದ್ದಾಗ 20 ಆಂಪ್ ದಾಟುತ್ತದೆ. ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ನೇರವಾಗಿ ಅಳೆಯಲು ಹೋಗಬೇಡಿ, ಇಷ್ಟು ಸಣ್ಣ ಬೆಲೆಯಲ್ಲಿ ಪ್ರೋಬ್ ವೈರಿನ ರೋಧವೇ ಲೆಕ್ಕ ಕೆಡಿಸುತ್ತದೆ.

ಗಾಡಿ ಸಮತಟ್ಟಿನಲ್ಲಿ ಓಡುವಾಗ ಮೋಟಾರಿಗೆ 4 ಆಂಪ್ ಸಾಕು ಎಂದಿಟ್ಟುಕೊಳ್ಳೋಣ. ಹಾಗಾದರೆ ಬೋರ್ಡಿಗೆ ಸದಾ 8 ಆಂಪ್, ಎರಡೂ ಚಕ್ರ ಸಿಕ್ಕಿಬಿದ್ದರೆ ಕ್ಷಣಕಾಲ 40 ಆಂಪ್. ಪೂರ್ಣ ವೇಗದಲ್ಲಿ ಮುಂದೆ ಹೋಗುತ್ತಿದ್ದುದನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ ಇನ್ನೂ ಕೆಟ್ಟದ್ದು. ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗೆ ಕೂಡಿಕೊಂಡು, ಕರೆಂಟು ನಿಂತ ಮೋಟಾರಿನ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಇದಕ್ಕೆ ತಾಮ್ರ ಹೆಚ್ಚಿಸುವುದು ಪರಿಹಾರವಲ್ಲ. ಪ್ರೋಗ್ರಾಮಿನಲ್ಲಿ ವೇಗವನ್ನು ಮೆಲ್ಲಗೆ ಇಳಿಸಿ, ಸೊನ್ನೆಗೆ ತಂದು, ಆಮೇಲೆ ದಿಕ್ಕು ಬದಲಿಸಬೇಕು.

ಬ್ಯಾಟರಿ ಉಲ್ಟಾ ಕೊಟ್ಟರೆ ಸುಡದ ಹಾಗೆ ಮಾಡೋದು ಹೇಗೆ? ಒಂದು ಡಯೋಡ್ ಸಾಕಾ?

8 ಆಂಪ್ ಹರಿಯುವ ದಾರಿಯಲ್ಲಿ ಸಾದಾ ಡಯೋಡು ಕೂರಿಸಿದರೆ 6-8 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಅದರ ಬದಲು ಪಿ-ಚಾನೆಲ್ ಮಾಸ್ಫೆಟ್ ಹಾಕಿ. 5 ಮಿಲಿ ಓಮಿನದು ಸಿಕ್ಕರೆ ಅದೇ 8 ಆಂಪಿಗೆ ಕಳೆದುಹೋಗುವುದು ವ್ಯಾಟಿನ ಮೂರನೇ ಒಂದು ಭಾಗ ಅಷ್ಟೆ.

ಜನ ಎಡವುವುದು ಅದನ್ನು ಕೂರಿಸುವ ದಿಕ್ಕಿನಲ್ಲಿ. ಡ್ರೇನ್ ಬ್ಯಾಟರಿಯ ಕಡೆ, ಸೋರ್ಸ್ ಬೋರ್ಡಿನ ಕಡೆ, ಗೇಟು ಒಂದು ರೆಸಿಸ್ಟರ್ ಮೂಲಕ ಗ್ರೌಂಡಿಗೆ. ನೋಡಲು ತಿರುಗುಮುರುಗಾಗಿ ಕಂಡರೂ ಸರಿಯಾದದ್ದು ಇದೇ. ಬೇರೆ ರೀತಿ ಹಾಕಿದರೆ ಮಾಸ್ಫೆಟ್ಟಿನೊಳಗಿನ ಡಯೋಡು ಉಲ್ಟಾ ಕರೆಂಟನ್ನು ಹಾಗೆಯೇ ಬಿಟ್ಟುಬಿಡುತ್ತದೆ, ಆದರೆ ಸರಿಯಾಗಿ ಬ್ಯಾಟರಿ ಕೊಟ್ಟಾಗ ಬೋರ್ಡು ಚೆನ್ನಾಗಿಯೇ ಓಡುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಪರೀಕ್ಷೆ ಮಾಡಲು ಬೆಂಚ್ ಸಪ್ಲೈಯನ್ನು 50 ಮಿಲಿ ಆಂಪ್ ಮಿತಿಗಿಟ್ಟು ಬೇಕೆಂತಲೇ ಉಲ್ಟಾ ಕೊಡಿ. ಕರೆಂಟು ಸೊನ್ನೆಯಲ್ಲಿ ನಿಂತರೆ ಸರಿ. ಗೇಟು ಮತ್ತು ಸೋರ್ಸ್ ನಡುವೆ 15 ವೋಲ್ಟಿನ ಜೆನರ್ ಇರಲಿ.

ಮಾಸ್ಫೆಟ್ಟಿಗೂ ಮೊದಲು, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಕಾರಿನ ಬ್ಲೇಡ್ ಫ್ಯೂಸು, 20 ಆಂಪಿನದು. ಫ್ಯೂಸು ಕಾಯುವುದು ವೈರನ್ನು, ಚಿಪ್ಪನ್ನಲ್ಲ. ಅದು ಹಾರುವಷ್ಟರಲ್ಲಿ ಚಿಪ್ಪು ಸತ್ತಿರುತ್ತದೆ.

ಬ್ಯಾಟರಿ ಸಿಕ್ಕಿಸಿದ ಕೂಡಲೇ ‘ಟಿಕ್’ ಅಂತ ಕಿಡಿ ಬಂದು 5 ವೋಲ್ಟಿನ ಚಿಪ್ ಹೋಯ್ತು. 28 ವೋಲ್ಟ್ ತಡೀತದೆ ಅಂತ ಬರೆದಿತ್ತಲ್ಲ?

ಇದು ತೀರಾ ಸಾಮಾನ್ಯ ಸಾವು, ಕಾರಣ ಹಿಡಿಯುವುದು ಮಾತ್ರ ಕಷ್ಟ. ಬ್ಯಾಟರಿಯ ವೈರಿಗೆ ಒಂದಿಷ್ಟು ಇಂಡಕ್ಟೆನ್ಸ್ ಇದ್ದೇ ಇರುತ್ತದೆ, ಮೀಟರ್ ಉದ್ದದ ಜೋಡಿ ವೈರಿಗೆ ಹೆಚ್ಚುಕಡಿಮೆ 1 ಮೈಕ್ರೋಹೆನ್ರಿ. ಬೋರ್ಡಿನ ಬಾಗಿಲಲ್ಲಿ ಸೆರಾಮಿಕ್ ಕೆಪಾಸಿಟರ್ ಮಾತ್ರ ಇದ್ದರೆ, ಅದರೊಳಗೆ ರೋಧವೇ ಇಲ್ಲದ ಕಾರಣ ಸಿಕ್ಕಿಸಿದ ಕ್ಷಣ ಕರೆಂಟು ನುಗ್ಗಿ ಬಂದು ವೋಲ್ಟೇಜು ಬ್ಯಾಟರಿಯದಕ್ಕಿಂತ ಮೇಲೇರುತ್ತದೆ, ಕೆಲವೊಮ್ಮೆ ಎರಡರಷ್ಟರ ಹತ್ತಿರಕ್ಕೂ. 14.6ರ ಎರಡರಷ್ಟು 29. `MP1584EN` ಎಂಬ ಜನಪ್ರಿಯ ಚಿಪ್ಪಿನ ಮಿತಿ 28. ಬ್ಯಾಟರಿ ಅರ್ಧ ಇಳಿದಿದ್ದಾಗ ಬದುಕುಳಿದ ಬೋರ್ಡು ಫುಲ್ ಚಾರ್ಜ್ ಮಾಡಿದ ದಿನ ಸಾಯುವುದು ಇದಕ್ಕೇ.

ಮದ್ದು ಎರಡು. ಬಾಗಿಲಲ್ಲೇ 470 ಮೈಕ್ರೋಫ್ಯಾರಡ್, 35 ವೋಲ್ಟಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇಡಿ. ಅದರ ಒಳಗಿನ ಚೂರು ರೋಧವೇ ಇಲ್ಲಿ ಉಪಕಾರಿ, ಏರುವ ಅಲೆಯನ್ನು ಅದು ನುಂಗುತ್ತದೆ. ಜೊತೆಗೆ ಮಾಸ್ಫೆಟ್ಟಿನ ನಂತರ `SMBJ16A` ಎಂಬ ಟಿವಿಎಸ್ ಡಯೋಡು. ಅದು 16 ವೋಲ್ಟಿನವರೆಗೆ ಸುಮ್ಮನಿದ್ದು, ತನ್ನ ಪೂರ್ತಿ ಮಿತಿಯ ಹೊಡೆತದಲ್ಲೂ 26ರಲ್ಲಿ ತಡೆಹಿಡಿಯುತ್ತದೆ. ನನ್ನನ್ನು ಕೇಳಿದರೆ 28 ವೋಲ್ಟಿನ ಚಿಪ್ಪಿಗಿಂತ 40 ವೋಲ್ಟ್ ತಡೆಯುವುದನ್ನೇ ಆರಿಸುವುದು ನೆಮ್ಮದಿ. `LM2596` ದಪ್ಪಗಿದ್ದರೂ ಈ ವಿಷಯದಲ್ಲಿ ಗಟ್ಟಿ.

ಬ್ಯಾಟರಿಯಿಂದ ನೇರ 3.3 ವೋಲ್ಟಿಗೆ ಇಳಿಸಬಾರದಾ?

ಮೂರು ಕಾಲಿನ ಲೀನಿಯರ್ ರೆಗ್ಯುಲೇಟರಿನಲ್ಲಿ ಇಳಿಸಿದರೆ 14.6ರಿಂದ 3.3ಕ್ಕೆ ಬರುವಾಗ ಉಳಿಯುವ 11.3 ವೋಲ್ಟ್ ಪೂರ್ತಿ ಬಿಸಿಯಾಗುತ್ತದೆ. 0.3 ಆಂಪಿಗೇ 3.4 ವ್ಯಾಟ್, ಮುಟ್ಟಿದರೆ ಬೆರಳು ಸುಡುವಷ್ಟು. ಅದಕ್ಕೇ ಮೊದಲು ಬಕ್ ಕನ್ವರ್ಟರಿನಲ್ಲಿ 5 ವೋಲ್ಟಿಗೆ, ಅಲ್ಲಿಂದ ಸಣ್ಣ ಲೀನಿಯರಿನಲ್ಲಿ 3.3ಕ್ಕೆ. ಸರ್ವೋ, ಎನ್‌ಕೋಡರುಗಳಿಗೆ ಹೇಗೂ 5 ವೋಲ್ಟ್ ಬೇಕಲ್ಲ. ವೈಫೈ ಕಳಿಸುವಾಗ ಇಎಸ್‌ಪಿ32 ಥಟ್ಟನೆ ಕರೆಂಟು ಎಳೆಯುವುದರಿಂದ ಲೀನಿಯರು ಕನಿಷ್ಠ 500 ಮಿಲಿ ಆಂಪಿನದಿರಲಿ, ಮಾಡ್ಯೂಲಿನ ಕಾಲಿನ ಪಕ್ಕದಲ್ಲೇ 10 ಮತ್ತು 0.1 ಮೈಕ್ರೋಫ್ಯಾರಡ್ ಇರಲಿ.

ಬಕ್ ಮತ್ತು ಲೀನಿಯರ್ ನಡುವೆ, ಲೀನಿಯರ್ ಮತ್ತು ಇಎಸ್‌ಪಿ32 ನಡುವೆ ಒಂದೊಂದು ಸಾಲ್ಡರ್ ಜಂಪರ್ ಬರೆದಿಡಿ. ಮೊದಲ ಬಾರಿ ಕರೆಂಟು ಕೊಡುವ ದಿನ ಅದರ ಬೆಲೆ ತಿಳಿಯುತ್ತದೆ.

ಇಎಸ್‌ಪಿ32ರ ಯಾವ ಪಿನ್ ಬೇಕಾದ್ರೂ ಮೋಟಾರಿಗೆ ಬಳಸಬಹುದಾ?

ಇಲ್ಲ. `GPIO6`ರಿಂದ `GPIO11`ರವರೆಗೆ ಒಳಗಿನ ಫ್ಲ್ಯಾಶಿಗೆ ಹೋಗಿವೆ, ಮುಟ್ಟಬೇಡಿ. `GPIO34`ರಿಂದ `GPIO39` ಓದಲು ಮಾತ್ರ, ಒಳಗೆ ಪುಲ್-ಅಪ್ ಕೂಡ ಇಲ್ಲ. ಅತಿ ಮೋಸದ್ದು `GPIO12`. ಬೂಟಾಗುವಾಗ ಅದು ಹೈ ಇದ್ದರೆ ಚಿಪ್ಪು ಫ್ಲ್ಯಾಶಿಗೆ 1.8 ವೋಲ್ಟ್ ಕೊಡಲು ಹೋಗಿ ಏಳುವುದೇ ಇಲ್ಲ. ಪುಲ್-ಅಪ್ ಇರುವ ಸೆನ್ಸರನ್ನು ಅಲ್ಲಿಗೆ ಜೋಡಿಸಿ, ‘ಸೆನ್ಸರ್ ತೆಗೆದರೆ ಓಡ್ತದೆ, ಹಾಕಿದರೆ ಇಲ್ಲ’ ಎಂದು ತಲೆ ಕೆಡಿಸಿಕೊಂಡವರು ಬಹಳ ಮಂದಿ.

ಡ್ರೈವರಿನ ಎನೇಬಲ್ ಸಾಲಿಗೆ 10 ಕಿಲೋ ಓಮ್ ಪುಲ್-ಡೌನ್ ಹಾಕಲೇಬೇಕು. ಬೂಟಾಗುವ ಹೊತ್ತಿನಲ್ಲಿ ಪಿನ್ನುಗಳು ಯಾರ ಹಿಡಿತದಲ್ಲೂ ಇರುವುದಿಲ್ಲ. ಆಗ ಗಾಡಿ ತಾನಾಗಿ ಮುಂದಕ್ಕೆ ನುಗ್ಗಿದರೆ ಮುಂದೆ ನಿಂತವರ ಕಾಲಿಗೆ ಬರುತ್ತದೆ.

ಕೀಕ್ಯಾಡ್‌ನಲ್ಲಿ ಎಲ್ಲ ಸರಿ ಇದ್ರೂ ಪವರ್ ಪಿನ್ ಡ್ರೈವ್ ಆಗ್ತಿಲ್ಲ ಅಂತ ಎರರ್ ಬರ್ತದೆ.

ಬ್ಯಾಟರಿ ಕನೆಕ್ಟರಿನಿಂದ ಕರೆಂಟು ಬರುತ್ತದೆಂದು ತಂತ್ರಾಂಶಕ್ಕೆ ಗೊತ್ತಿಲ್ಲ. ಆ ನೆಟ್ಟಿಗೂ ಗ್ರೌಂಡಿಗೂ ಒಂದೊಂದು `PWR_FLAG` ಇಡಿ.

ಟ್ರ್ಯಾಕ್ ಎಷ್ಟು ಅಗಲ ಬೇಕು?

ಸಾದಾ ಬೋರ್ಡಿನ ತಾಮ್ರ ಒಂದು ಔನ್ಸಿನದು, ಅಂದರೆ 35 ಮೈಕ್ರಾನ್ ದಪ್ಪ. ಐಪಿಸಿ-2221 ಸೂತ್ರದ ಪ್ರಕಾರ ಹೊರಪದರದಲ್ಲಿ 10 ಆಂಪ್ ಹರಿದು 10 ಡಿಗ್ರಿ ಮಾತ್ರ ಬಿಸಿ ಏರಬೇಕಾದರೆ ಸುಮಾರು 7 ಮಿ.ಮೀ. ಅಗಲ ಬೇಕು. 20 ಡಿಗ್ರಿ ಏರಿದರೂ ಅಡ್ಡಿಯಿಲ್ಲ ಎಂದರೆ 5 ಮಿ.ಮೀ. ಕೀಕ್ಯಾಡ್‌ನ ಕ್ಯಾಲ್ಕುಲೇಟರಿನಲ್ಲೂ ಇದೇ ಲೆಕ್ಕ ಸಿಗುತ್ತದೆ.

ಬಿಸಿಯ ಲೆಕ್ಕಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಚೌಕದ ಲೆಕ್ಕ. ಈ ದಪ್ಪದ ತಾಮ್ರದಲ್ಲಿ ಒಂದು ಚೌಕದ ರೋಧ ಅರ್ಧ ಮಿಲಿ ಓಮ್, ಚೌಕ ಚಿಕ್ಕದಿರಲಿ ದೊಡ್ಡದಿರಲಿ. 60 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಟ್ರ್ಯಾಕಿನಲ್ಲಿ 30 ಚೌಕ, ಅಂದರೆ 15 ಮಿಲಿ ಓಮ್. ಒಂದು ಮೋಟಾರು ನಿಂತು 18 ಆಂಪ್ ಎಳೆದರೆ ಅದರ ಎರಡು ತುದಿಗಳ ನಡುವೆ 0.27 ವೋಲ್ಟ್. ಅದೇ ದಾರಿಯನ್ನು 15 ಮಿ.ಮೀ. ಅಗಲದ ಹರವು ಮಾಡಿದರೆ ನಾಲ್ಕೇ ಚೌಕ, 36 ಮಿಲಿ ವೋಲ್ಟ್. ಹಾಗಾಗಿ ಬ್ಯಾಟರಿಯಿಂದ ಡ್ರೈವರಿಗೆ ಟ್ರ್ಯಾಕ್ ಎಳೆಯಬೇಡಿ, ತಾಮ್ರದ ಹರವನ್ನೇ ಹಾಸಿ. ಮೇಲಿಂದ ಕೆಳಪದರಕ್ಕೆ ಇಳಿಸುವಲ್ಲಿ 0.3 ಮಿ.ಮೀ. ವಯಾ ಒಂದಕ್ಕೆ ಸುಮಾರು 1 ಆಂಪ್ ಎಂದು ಹಿಡಿದು ಗುಂಪಾಗಿ ಕೊಡಿ.

ಟ್ರ್ಯಾಕಿನ ಮೇಲಿನ ಹಸಿರು ಪದರ ತೆಗೆಸಿ ಬೆಸುಗೆ ಸುರಿದರೆ ಸಾಕು ಎನ್ನುವವರಿದ್ದಾರೆ. ಬೆಸುಗೆಯ ರೋಧ ತಾಮ್ರದ ಸುಮಾರು ಎಂಟು ಪಟ್ಟು. ಸುರಿಯುವುದಾದರೆ ಅದರೊಳಗೆ ಒಂದು ದಪ್ಪ ತಾಮ್ರದ ತಂತಿ ಕೂರಿಸಿ ಸುರಿಯಿರಿ.

ಮೋಟಾರ್ ಗ್ರೌಂಡ್, ಸಿಗ್ನಲ್ ಗ್ರೌಂಡ್ ಬೇರೆ ಬೇರೆ ಮಾಡಬೇಕಾ?

ಕತ್ತರಿಸಬೇಡಿ. ಕೆಳಪದರವನ್ನು ಪೂರ್ತಿ ಒಂದೇ ಗ್ರೌಂಡ್ ಮಾಡಿ, ಬಿಡಿಭಾಗಗಳನ್ನು ಜಾಣತನದಿಂದ ಕೂರಿಸಿ. ಗದ್ದೆಗೆ ನೀರು ಬಿಟ್ಟಂತೆಯೇ ಇದು: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಿ ಸಸಿ ಮಡಿಯನ್ನು ಆ ದಾರಿಯಿಂದ ಆಚೆ ಮಾಡುತ್ತೇವೆ. ಬ್ಯಾಟರಿ ಕನೆಕ್ಟರ್ ಒಂದು ಅಂಚಿನಲ್ಲಿ, ಅದರ ಪಕ್ಕದಲ್ಲೇ ಎರಡು ಡ್ರೈವರು, ಅದೇ ಅಂಚಿನಲ್ಲಿ ಮೋಟಾರು ಕನೆಕ್ಟರ್. ಇಎಸ್‌ಪಿ32 ಮತ್ತು ಎನ್‌ಕೋಡರ್ ಎದುರಿನ ಅಂಚಿನಲ್ಲಿ, ಆಂಟೆನಾ ತುದಿ ಬೋರ್ಡಿನಿಂದ ಹೊರಕ್ಕೆ, ಅದರಡಿ ತಾಮ್ರ ಇಲ್ಲದಂತೆ. ಆಗ ಮೋಟಾರಿನ ಕರೆಂಟು ಇಎಸ್‌ಪಿ32ರ ಕಾಲಡಿ ಹಾದು ಬರುವ ಪ್ರಮೇಯವೇ ಇಲ್ಲ.

ಗ್ರೌಂಡನ್ನು ಎರಡು ತುಂಡು ಮಾಡಿ ಒಂದು ಸಣ್ಣ ಸೇತುವೆಯಿಂದ ಸೇರಿಸಿದವರು, ಸಿಗ್ನಲ್ ಟ್ರ್ಯಾಕುಗಳನ್ನು ಆ ಸೀಳಿನ ಮೇಲೆ ಹಾಯಿಸಿ ಇನ್ನೊಂದು ತೊಂದರೆ ತಂದುಕೊಳ್ಳುತ್ತಾರೆ.

ಡ್ರೈವರ್ ಚಿಪ್ಪಿನ ಬೆನ್ನಿನ ಲೋಹ ಗ್ರೌಂಡ್ ತಾನೇ?

`BTS7960`ರಲ್ಲಿ ಅಲ್ಲ! ಅದರ ಬೆನ್ನು ಮೋಟಾರಿಗೆ ಹೋಗುವ ಔಟ್‌ಪುಟ್. ಗ್ರೌಂಡ್ ಎಂದುಕೊಂಡು ಎರಡು ಚಿಪ್ಪಿನ ಬೆನ್ನಿಗೂ ಒಂದೇ ತಾಮ್ರ ಹಾಸಿದರೆ, ಅಥವಾ ಎರಡಕ್ಕೂ ಒಂದೇ ಹೀಟ್ ಸಿಂಕ್ ನೇರವಾಗಿ ಮುಟ್ಟಿಸಿದರೆ ಶಾರ್ಟ್. ಡೇಟಾಶೀಟಿನಲ್ಲಿ ಪಿನ್ನುಗಳ ಪಟ್ಟಿ ನೋಡದೆ ಯಾವ ಫುಟ್‌ಪ್ರಿಂಟನ್ನೂ ನಂಬಬೇಡಿ. ಆರ್ಡರ್ ಕೊಡುವ ಮೊದಲು ಬೋರ್ಡನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿ, ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡಿ. ದುರ್ಗಿಗುಡಿಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಆದೀತು, ‘ಫಿಟ್ ಟು ಪೇಜ್’ ತೆಗೆಯಲು ಹೇಳಿ.

ಎರಡು ಪದರವೋ, ನಾಲ್ಕೋ?

ಈ ಗಾಡಿಗೆ ಎರಡು ಸಾಕು. 1.6 ಮಿ.ಮೀ. ದಪ್ಪ, ಒಂದು ಔನ್ಸ್. ಜಾಗ ಸಾಲದೆ ಗ್ರೌಂಡ್ ಪದರ ಚಿಂದಿಯಾಗುತ್ತಿದ್ದರೆ ಮಾತ್ರ ನಾಲ್ಕು.

ಬೋರ್ಡ್ ಬಂತು. ಎಲ್ಲ ಬೆಸೆದು ಬ್ಯಾಟರಿ ಕೊಡಲಾ?

ಬೇಡ. ಎಲ್ಲ ಒಟ್ಟಿಗೆ ಬೆಸೆದು ಬ್ಯಾಟರಿ ಕೊಟ್ಟರೆ, ಹೊಗೆ ಬಂದಾಗ ತಪ್ಪು ಯಾರದೆಂದು ತಿಳಿಯುವುದಿಲ್ಲ. ಬ್ಯಾಟರಿಯಂತೂ ಕೇಳಿದಷ್ಟೂ ಕೊಟ್ಟುಬಿಡುತ್ತದೆ.

ಖಾಲಿ ಬೋರ್ಡಿನಲ್ಲೇ ಬ್ಯಾಟರಿ ಸಾಲು, 5 ವೋಲ್ಟ್, 3.3 ವೋಲ್ಟ್ ಮೂರಕ್ಕೂ ಗ್ರೌಂಡಿನೊಂದಿಗೆ ಶಾರ್ಟ್ ಇಲ್ಲವೆಂದು ಬೀಪ್ ಸ್ಥಾನದಲ್ಲಿ ನೋಡಿ. ಆಮೇಲೆ ಫ್ಯೂಸಿನಿಂದ ಬಕ್‌ವರೆಗಿನ ಭಾಗ ಮಾತ್ರ ಬೆಸೆದು, ಜಂಪರ್ ತೆರೆದೇ ಇಟ್ಟು, ಬೆಂಚ್ ಸಪ್ಲೈಯಿಂದ 12 ವೋಲ್ಟ್, 100 ಮಿಲಿ ಆಂಪ್ ಮಿತಿಯಲ್ಲಿ ಕೊಡಿ. ಕೆಪಾಸಿಟರ್ ತುಂಬುವವರೆಗೆ ಕ್ಷಣಕಾಲ ಮಿತಿ ಮುಟ್ಟಿ ಕರೆಂಟು ಕೆಲವೇ ಮಿಲಿ ಆಂಪಿಗೆ ಇಳಿಯಬೇಕು. ಮಿತಿಯಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿ ನೋಡಿ, ಮೊದಲು ಆರುವ ಜಾಗದಲ್ಲೇ ಕಳ್ಳ ಇರುತ್ತಾನೆ. ಕಿಡಿ ಹತ್ತಿರ ಸುಳಿಯದಂತೆ, ಕಿಟಕಿ ತೆರೆದಿಟ್ಟು ಈ ಕೆಲಸ ಮಾಡಿ.

ಬೆಂಚ್ ಸಪ್ಲೈ ಇಲ್ಲದವರು ಆಟೋ ಕಾಂಪ್ಲೆಕ್ಸಿನಲ್ಲಿ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬು ತಂದು ಬ್ಯಾಟರಿಯ ಪ್ಲಸ್ ಸಾಲಿನಲ್ಲಿ ಸರಣಿಯಾಗಿ ಹಾಕಿ. ಬಲ್ಬು ಪೂರ್ತಿ ಉರಿದರೆ ಬೋರ್ಡು ಶಾರ್ಟ್, ಮಿಣುಕಿ ಆರಿದರೆ ಸರಿ. ಶಾರ್ಟಿದ್ದರೂ ಎರಡು ಆಂಪಿನ ಆಸುಪಾಸಿಗಿಂತ ಹೆಚ್ಚು ಹರಿಯುವುದಿಲ್ಲ.

5 ವೋಲ್ಟ್ ಸರಿಯಾಗಿ ಬಂದ ಮೇಲೆ ಮಿತಿಯನ್ನು ಅರ್ಧ ಆಂಪಿಗೆ ಏರಿಸಿ, ಅಲ್ಲಿಗೆ 10 ಓಮ್, 5 ವ್ಯಾಟಿನ ರೆಸಿಸ್ಟರ್ ಹಾಕಿ ಅರ್ಧ ಗಂಟೆ ಬಿಡಿ. ರೆಸಿಸ್ಟರಿಗೆ ಅರ್ಧ ಆಂಪ್ ಹರಿಯುತ್ತದೆ. ವೋಲ್ಟೇಜು ಕುಸಿಯಬಾರದು, ಚಿಪ್ಪಿನ ಮೇಲೆ ಬೆರಳು ನಿಲ್ಲುವಂತಿರಬೇಕು. ನಂತರ ಲೀನಿಯರ್ ಬೆಸೆದು ಮೊದಲ ಜಂಪರ್ ಸೇರಿಸಿ 3.3 ಅಳೆಯಿರಿ. ಕೊನೆಗೆ ಇಎಸ್‌ಪಿ32 ಬೆಸೆದು ಎರಡನೆಯದನ್ನು ಸೇರಿಸಿ ಕಂಪ್ಯೂಟರಿನಿಂದ ಮಾತಾಡಿಸಿ:

```
esptool.py --port /dev/ttyUSB0 flash_id
```

ಉತ್ತರ ಬಾರದೆ `Connecting...` ಎಂದೇ ನಿಂತರೆ ಮೊದಲು ಅನುಮಾನಿಸಬೇಕಾದ್ದು `TX`, `RX` ಅದಲುಬದಲು, ನಂತರ `GPIO0` ಕೆಳಗಿಳಿಯದಿರುವುದು.

ಡ್ರೈವರುಗಳ ಸರದಿ ಇದಾದ ಮೇಲೆ. ಮೋಟಾರಿನ ಜಾಗದಲ್ಲಿ ಅದೇ ಬಲ್ಬು ಹಾಕಿ, ಸಪ್ಲೈಯ ಮಿತಿಯನ್ನು 3 ಆಂಪಿಗೆ ಏರಿಸಿ, ಹತ್ತು ಶೇಕಡಾ ಪಲ್ಸು ಕೊಟ್ಟು ಮೆಲ್ಲಗೆ ಏರಿಸಿ. ರೀಸೆಟ್ ಬಟನ್ ಒತ್ತುತ್ತಾ ಬಲ್ಬು ಒಂದು ಕ್ಷಣವೂ ಮಿನುಗದೆಂದು ನೋಡಿ. ಆಮೇಲೆ ಮೋಟಾರು, ಚಕ್ರ ನೆಲಕ್ಕೆ ತಾಗದಂತೆ ಎತ್ತಿಟ್ಟು. ಬ್ಯಾಟರಿ ಎಲ್ಲಕ್ಕಿಂತ ಕೊನೆಗೆ.

ಮೋಟಾರ್ ಶುರುವಾದ ಕೂಡಲೇ ಇಎಸ್‌ಪಿ32 ರೀಸ್ಟಾರ್ಟ್ ಆಗ್ತದೆ. ಕೆಪಾಸಿಟರ್ ಜಾಸ್ತಿ ಹಾಕಲಾ?

ಕಾರಣ ಕೇಳಿಕೊಂಡು ಆಮೇಲೆ ಹಾಕಿ. ಪ್ರೋಗ್ರಾಮ್ ಶುರುವಿನಲ್ಲಿ ಈ ಸಾಲಿರಲಿ:

```
Serial.println(esp_reset_reason());
```

9 ಬಂದರೆ 3.3 ವೋಲ್ಟ್ ಕುಸಿದಿದೆ, `Brownout detector was triggered` ಎಂಬ ಸಾಲೂ ಕಾಣಬಹುದು. ಬ್ಯಾಟರಿ ಸಾಲು, 5 ವೋಲ್ಟ್, 3.3 ಈ ಕ್ರಮದಲ್ಲಿ ಅಳೆಯುತ್ತಾ ಎಲ್ಲಿಂದ ಕುಸಿತ ಶುರುವೆಂದು ಹಿಡಿಯಿರಿ. ಬ್ಯಾಟರಿ ಸಾಲೇ ಕುಸಿಯುತ್ತಿದ್ದರೆ ಸಪುರ ವೈರು ಅಥವಾ ಸಡಿಲ ಕನೆಕ್ಟರ್. ಮಲ್ಟಿಮೀಟರಿಗೆ ಈ ಕ್ಷಣದ ಕುಸಿತ ಕಾಣುವುದಿಲ್ಲ, ಆಸಿಲೋಸ್ಕೋಪ್ ಬೇಕು.

1 ಬಂದರೆ ಎರಡರಲ್ಲೊಂದು. ಕರೆಂಟು ಪೂರ್ತಿ ಹೋಗಿ ಬಂದಿದೆ, ಬ್ಯಾಟರಿಯ ಬಿಎಂಎಸ್ ಹೆಚ್ಚು ಕರೆಂಟಿಗೆ ಕಡಿದಾಗ ಹೀಗಾಗುತ್ತದೆ. ಇಲ್ಲವೇ `EN` ಪಿನ್ನಿಗೆ ಮೋಟಾರಿನ ಗದ್ದಲ ತಗುಲಿದೆ. `EN`ಗೆ 10 ಕಿಲೋ ಓಮ್ ಮೇಲಕ್ಕೆ, 1 ಮೈಕ್ರೋಫ್ಯಾರಡ್ ಗ್ರೌಂಡಿಗೆ, ಎರಡೂ ಪಿನ್ನಿಗೆ ಅಂಟಿಕೊಂಡಂತೆ ಇರಬೇಕು. ರೀಸೆಟ್ ಬಟನ್ನಿಗೆಂದು ಆ ಟ್ರ್ಯಾಕನ್ನು ಡ್ರೈವರುಗಳ ಪಕ್ಕ ಎಳೆದುಕೊಂಡು ಹೋಗಿದ್ದರೆ ಅದೇ ಆಂಟೆನಾ. 4 ಬಂದರೆ ತಪ್ಪು ಪ್ರೋಗ್ರಾಮಿನದು, ಬೋರ್ಡನ್ನು ಬೈಯಬೇಡಿ.

ನಮ್ಮ ಮಳೆಗಾಲಕ್ಕೆ ಬೋರ್ಡ್ ತಡೀತದಾ? ಡಬ್ಬಿಯೊಳಗೇ ಇಟ್ಟಿದ್ದೀನಿ.

ಮಳೆ ಹನಿಗಿಂತ ಡಬ್ಬಿಯೊಳಗೆ ಬೆವರುವ ಗಾಳಿ ಕೆಟ್ಟದ್ದು. ಬಿಸಿಯಾಗಿದ್ದ ಡಬ್ಬಿ ಸಂಜೆ ತಣ್ಣಗಾದಾಗ ಒಳಗಿನ ತೇವ ಬೋರ್ಡಿನ ಮೇಲೇ ಹನಿಯುತ್ತದೆ. ತೋಟದಲ್ಲಿ ಇನ್ನೊಂದಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುವುದರಿಂದ ಅದರ ತುಂತುರು ಕನೆಕ್ಟರಿನ ಮೇಲೆ ಕೂತರೆ ಪಿನ್ನಿಂದ ಪಿನ್ನಿಗೆ ಕರೆಂಟು ಸೋರುತ್ತದೆ, ಲೋಹವೂ ಕೊರೆದುಹೋಗುತ್ತದೆ. ಪಿನ್ನುಗಳ ಬುಡದಲ್ಲಿ ನೀಲಿ-ಹಸಿರು ಕಿಲುಬು ಕಂಡರೆ, ಬೆಳಿಗ್ಗೆ ಎನ್‌ಕೋಡರ್ ಸುಳ್ಳು ಎಣಿಸಿ ಮಧ್ಯಾಹ್ನದ ಬಿಸಿಲಿಗೆ ಸರಿಯಾದರೆ ಇದೇ ಎಂದು ತಿಳಿಯಿರಿ.

ಎಲ್ಲ ಪರೀಕ್ಷೆ ಮುಗಿದ ಮೇಲೆ ಫ್ಲಕ್ಸನ್ನು ಐಸೊಪ್ರೊಪೈಲಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಅಕ್ರಿಲಿಕ್ ಕಾನ್ಫಾರ್ಮಲ್ ಕೋಟಿಂಗ್ ಎರಡು ಸಲ ಹೊಡೆಯಿರಿ. ಕನೆಕ್ಟರುಗಳ ಬಾಯಿಗೆ ಮೊದಲೇ ಟೇಪ್ ಅಂಟಿಸಿ. ಫ್ಲಕ್ಸ್ ತೊಳೆಯದೆ ಹೊಡೆದರೆ ತೇವ ಅದರಡಿಯಲ್ಲೇ ಸಿಕ್ಕಿ ಕೆಲಸ ಇನ್ನೂ ಕೆಡುತ್ತದೆ. ಆಷಾಢದಲ್ಲಿ ಗಾಳಿಗೆ ಒಣಗಲಿ ಎಂದು ಬಿಟ್ಟರೆ ಒಣಗುವುದಿಲ್ಲ. ಬಲ್ಬು ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ, ಮುಟ್ಟಿದರೆ ಬೆಚ್ಚಗೆನಿಸುವ ಬಿಸಿಯಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ಹೊಡೆಯಿರಿ. ಡಬ್ಬಿಯ ವೈರು ತೂತುಗಳು ತಳದಲ್ಲೇ ಇರಲಿ, ನೀರಿಳಿಯಲು ಇನ್ನೊಂದು ಸಣ್ಣ ತೂತೂ ಇರಲಿ.